ಕತ್ತರಿಗೊಂದು ಕಾರಣ

1929ರ ಜನವರಿಯ ಮೊದಲ ವಾರ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿದ್ದ ಸ್ಕ್ರಿಬ್ನರ್ಸ್ ಪ್ರಕಾಶನ ಸಂಸ್ಥೆಯ ಕಚೇರಿಗೆ ಸುಮಾರು ಆರೂವರೆ ಅಡಿ ಎತ್ತರದ, 28 ವರ್ಷದ ಲೇಖಕನೊಬ್ಬ ಅಳುಕುತ್ತಲೇ ಬಂದು ಕೂತ. ಹೆಸರು ಥಾಮಸ್ ವುಲ್ಫ್. ಅವನ ಮೊದಲ ಕಾದಂಬರಿ ‘ಓ ಲಾಸ್ಟ್’ನ ಹಸ್ತಪ್ರತಿ ಸಾವಿರ ಪುಟ ದಾಟಿತ್ತು. ಬೇರೆ ಪ್ರಕಾಶಕರು ಅದನ್ನು ಆಗಲೇ ವಾಪಸು ಕಳಿಸಿದ್ದರು. ಎದುರಿಗೆ ಕೂತಿದ್ದವನು ಮ್ಯಾಕ್ಸ್‌ವೆಲ್ ಪರ್ಕಿನ್ಸ್. ಫಿಟ್ಜ್‌ಜೆರಾಲ್ಡ್, ಹೆಮಿಂಗ್ವೇ ಇಬ್ಬರ ಸಂಪಾದಕನೂ ಅವನೇ.

ಪರ್ಕಿನ್ಸ್ ಮಾತು ಶುರು ಮಾಡಿದ್ದು ಪುಸ್ತಕದ ಒಂದೇ ಒಂದು ದೃಶ್ಯ ಹಿಡಿದು. ಕಲ್ಲು ಕೆತ್ತುವ ಗ್ಯಾಂಟ್ ಎಂಬಾತ ತನ್ನ ಅಂಗಡಿಯ ಮುಂದೆ ವರ್ಷಗಟ್ಟಲೆ ನಿಂತಿದ್ದ ಅಮೃತಶಿಲೆಯ ದೇವದೂತನ ಮೂರ್ತಿಯನ್ನು ಊರಿನ ವೇಶ್ಯಾಗೃಹದ ಒಡತಿಗೆ ಮಾರುತ್ತಾನೆ. ಸತ್ತುಹೋದ ಹುಡುಗಿಯೊಬ್ಬಳ ಗೋರಿಗೆ ಆಕೆಗೆ ಅದು ಬೇಕಾಗಿರುತ್ತದೆ. ಈ ದೃಶ್ಯದ ಹೆಸರೆತ್ತಿದ ಕೂಡಲೇ ವುಲ್ಫ್ ಗಾಬರಿಯಾದ. ಇದನ್ನು ಅಚ್ಚು ಹಾಕಲಾಗದು ಅಂತ ಗೊತ್ತು, ಈಗಲೇ ತೆಗೆದುಬಿಡುತ್ತೇನೆ ಎಂದ. ಪರ್ಕಿನ್ಸ್‌ಗೆ ಆಶ್ಚರ್ಯ. ತೆಗೆಯುವುದೇ? ತಾನು ಓದಿದ ಅತ್ಯುತ್ತಮ ಸಣ್ಣಕತೆಗಳಲ್ಲಿ ಇದೂ ಒಂದು ಎಂದು ಅವನು ಹೇಳಿದ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, ಕಾದಂಬರಿಗಿಂತ ಮೊದಲೇ, ಆ ಭಾಗ ‘ಸ್ಕ್ರಿಬ್ನರ್ಸ್ ಮ್ಯಾಗಜಿನ್’ನಲ್ಲಿ ಕತೆಯಾಗಿ ಪ್ರಕಟವಾಯಿತು.

ಇದನ್ನು ಬರೀ ಬೆನ್ನು ತಟ್ಟುವ ಉಪಾಯ ಎಂದು ಓದಿದರೆ ತಪ್ಪಾಗುತ್ತದೆ. ಲೇಖಕ ಯಾವುದಕ್ಕೆ ಹೆದರಿದ್ದಾನೆ ಎಂಬುದು ಪರ್ಕಿನ್ಸ್‌ಗೆ ಆ ಒಂದು ಕ್ಷಣದಲ್ಲಿ ತಿಳಿಯಿತು. ಮುಂದೆ ಬರಲಿದ್ದ ಕತ್ತರಿ ಮಾನ ಮರ್ಯಾದೆಯ ಕತ್ತರಿಯಲ್ಲ ಎಂಬುದು ಲೇಖಕನಿಗೂ ತಿಳಿಯಿತು. ಆಮೇಲೆ ಪರ್ಕಿನ್ಸ್ ಕೈಬರಹದ ಟಿಪ್ಪಣಿಗಳ ಕಂತೆ ತೆಗೆದು, ಒಂದೊಂದೇ ಭಾಗ ಹಿಡಿದು ಮಾತಾಡಿದ. ವುಲ್ಫ್ ಕೆಲ ದಿನಗಳ ನಂತರ ತನ್ನ ಹಳೆಯ ಶಿಕ್ಷಕಿಗೆ ಬರೆದ ಪತ್ರದಲ್ಲಿ ಆ ಟಿಪ್ಪಣಿಗಳನ್ನು ಕಂಡಾಗ ತನಗಾದ ಭಾವೋದ್ವೇಗವನ್ನು ಹೇಳಿಕೊಂಡಿದ್ದಾನೆ. ತಾನು ಬರೆದದ್ದನ್ನು ಒಬ್ಬರು ಇಷ್ಟು ಗಮನ ಕೊಟ್ಟು ಓದಿದ್ದಾರೆ ಎಂಬುದೇ ಅವನಿಗೆ ಹೊಸ ಅನುಭವ. ಕತ್ತರಿಸಲು ಒಪ್ಪುವ ಲೇಖಕ ಮೊದಲು ನೋಡುವುದು ಇದನ್ನೇ: ಇವರು ಪೂರ್ತಿ ಓದಿದ್ದಾರೋ, ಇಲ್ಲ ಪುಟ ಎಣಿಸಿದ್ದಾರೋ.

ದೊಡ್ಡ ಕತ್ತರಿ ಬಿದ್ದದ್ದು ಪುಸ್ತಕದ ಬಾಗಿಲಲ್ಲೇ. ‘ಓ ಲಾಸ್ಟ್’ ಶುರುವಾಗುತ್ತಿದ್ದದ್ದು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ. 1863ರಲ್ಲಿ, ಪೆನ್ಸಿಲ್ವೇನಿಯಾದ ರಸ್ತೆಬದಿಯಲ್ಲಿ ಇಬ್ಬರು ಪುಟ್ಟ ಹುಡುಗರು ನಿಂತು, ಗೆಟಿಸ್‌ಬರ್ಗ್ ಕಡೆ ಸಾಗುವ ದಕ್ಷಿಣದ ಸೈನಿಕರನ್ನು ನೋಡುತ್ತಿರುತ್ತಾರೆ. ಅವರಲ್ಲೊಬ್ಬ ಮುಂದೆ ಕಥಾನಾಯಕ ಯುಜೀನನ ತಂದೆಯಾಗುವವನು. ಅಲ್ಲಿಂದ ತೊಂಬತ್ತು ಚಿಲ್ಲರೆ ಪುಟ ಆ ತಂದೆಯ ಹಿಂದಿನ ಬದುಕು. ದೃಶ್ಯ ಅದ್ಭುತವಾಗಿದೆ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಹಾಗಿದ್ದೂ ಅದನ್ನು ತೆಗೆಯಬೇಕೆಂದು ಪರ್ಕಿನ್ಸ್ ವುಲ್ಫ್‌ನನ್ನು ಒಪ್ಪಿಸಿದ.

ಪರ್ಕಿನ್ಸ್ ಕೊಟ್ಟ ಕಾರಣ ಕೇಳಬೇಕಾದದ್ದು. ಪುಟ ಜಾಸ್ತಿಯಾಯಿತು, ಓದುಗರಿಗೆ ತಾಳ್ಮೆಯಿಲ್ಲ, ಮಾರಾಟವಾಗದು ಎಂದು ಅವನು ವಾದಿಸಲಿಲ್ಲ. ಇಡೀ ಕಾದಂಬರಿ ಒಬ್ಬ ಹುಡುಗನ ನೆನಪು ಮತ್ತು ಇಂದ್ರಿಯಗಳ ಮೂಲಕ ತೆರೆದುಕೊಳ್ಳುವ ಲೋಕ ಎಂದ. ಆ ಹುಡುಗ ಹುಟ್ಟುವುದಕ್ಕೆ ಮುಂಚಿನದನ್ನು ಬರೆಯುವಾಗ ಆ ನೆನಪಿನ ಬಲ ಇಲ್ಲ, ಬೇರೆ ಪುಟಗಳಲ್ಲಿರುವ ತೀವ್ರತೆ ಅಲ್ಲಿ ತೆಳುವಾಗುತ್ತದೆ ಎಂದ. ಈ ಕಾರಣ ಹುಟ್ಟಿದ್ದು ಪುಸ್ತಕದ ಒಳಗಿಂದ. ವುಲ್ಫ್ ತಾನೇ ಹಾಕಿಕೊಂಡ ನಿಯಮವನ್ನು ಪರ್ಕಿನ್ಸ್ ಅವನಿಗೆ ಓದಿ ಹೇಳಿದನಷ್ಟೆ. ಇಂಥ ಕಾರಣ ಸಿಕ್ಕ ಲೇಖಕ ಮುಂದಿನ ಪುಟಗಳಲ್ಲಿ ಪೆನ್ಸಿಲನ್ನು ತಾನೇ ಹಿಡಿಯಬಲ್ಲ. ‘ಉದ್ದವಾಯಿತು’ ಎಂಬ ಕಾರಣಕ್ಕೆ ಆ ಶಕ್ತಿ ಇಲ್ಲ. ಎಲ್ಲಿ ಉದ್ದ, ಎಷ್ಟು ಉದ್ದ ಎಂದು ಪ್ರತಿ ಸಲವೂ ಸಂಪಾದಕನನ್ನೇ ಕೇಳಬೇಕಾಗುತ್ತದೆ.

ವುಲ್ಫ್ ಪೆನ್ಸಿಲ್ ಹಿಡಿದ, ನಿಜ. ಆದರೆ ಹಿಡಿದ ಪೆನ್ಸಿಲು ಸುಮ್ಮನಿರುತ್ತಿರಲಿಲ್ಲ. ಹೇಳಿದಲ್ಲೆಲ್ಲ ಕತ್ತರಿಸುತ್ತಿದ್ದ, ಕತ್ತರಿಸಿದ ತುದಿಗಳನ್ನು ಕೂಡಿಸಲು ಹೊಸದಾಗಿ ಬರೆಯುತ್ತಿದ್ದ. ಮೊದಲ ಸುತ್ತು ಮುಗಿದಾಗ ಒಟ್ಟಾರೆ ಕಡಿಮೆಯಾಗಿದ್ದದ್ದು ಎಂಟೇ ಪುಟ ಎಂದು ಪರ್ಕಿನ್ಸ್‌ನ ಜೀವನಚರಿತ್ರೆ ಹೇಳುತ್ತದೆ. ಬರೆದದ್ದನ್ನು ಬಿಡಲಾರದ ಲೇಖಕರಲ್ಲಿ ಇದು ಸಾಮಾನ್ಯವಾಗಿ ಕಾಣುವ ಲಕ್ಷಣ. ಅವರು ಜಗಳವಾಡುವುದಿಲ್ಲ, ಒಪ್ಪಿಕೊಂಡೇ ತುಂಬಿಸಿಬಿಡುತ್ತಾರೆ. ತೆಗೆಯಲು ಕಾರಣ ಹೇಳಿದಂತೆ, ತೆಗೆದ ಜಾಗದಲ್ಲಿ ಏನೂ ಬೇಡವೇ ಅಥವಾ ಒಂದು ವಾಕ್ಯದ ಸೇತುವೆ ಸಾಕೇ ಎಂಬುದನ್ನೂ ಹೇಳದಿದ್ದರೆ ಹೀಗಾಗುತ್ತದೆ. ಕಡೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಪದ ಇಳಿಸಿ, ಆ ಅಕ್ಟೋಬರಿನಲ್ಲಿ ಪುಸ್ತಕ ‘ಲುಕ್ ಹೋಮ್‌ವರ್ಡ್, ಏಂಜೆಲ್’ ಎಂಬ ಹೊಸ ಹೆಸರಿನಲ್ಲಿ ಹೊರಬಂತು.

ರಸ್ತೆಬದಿಯ ಹುಡುಗರ ಕತೆ ಅಲ್ಲಿಗೆ ಮುಗಿಯಲಿಲ್ಲ. ಆ ದೃಶ್ಯ ತೆಗೆಸಿದ್ದು ವರ್ಷಗಟ್ಟಲೆ ತನ್ನ ಮನಸ್ಸನ್ನು ಚುಚ್ಚುತ್ತಿತ್ತು ಎಂದು ಪರ್ಕಿನ್ಸ್ ಕೊನೆಗಾಲದಲ್ಲಿ ಬರೆದಿದ್ದಾನೆ. ಆದರೆ 1935ರಲ್ಲಿ ಬಂದ ವುಲ್ಫ್‌ನ ಎರಡನೆಯ ಕಾದಂಬರಿ ‘ಆಫ್ ಟೈಮ್ ಅಂಡ್ ದ ರಿವರ್’ನಲ್ಲಿ ಮುದಿ ಗ್ಯಾಂಟ್ ಬಾಲ್ಟಿಮೋರಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಸಾವು ಎದುರು ನೋಡುತ್ತ ಕೂತಾಗ ಬಾಲ್ಯದ ಆ ದಿನಗಳು ಅವನ ನೆನಪಿನಲ್ಲಿ ಮರಳಿ ಬರುತ್ತವೆ. ಮೊದಲಿಗಿಂತ ಅಲ್ಲೇ ಅದಕ್ಕೆ ಹೆಚ್ಚು ಕಳೆ ಬಂತು ಎಂಬುದು ಪರ್ಕಿನ್ಸ್‌ನ ಅಭಿಪ್ರಾಯ. ಲೇಖಕನಿಗೆ ‘ಇದು ಚೆನ್ನಾಗಿಲ್ಲ’ ಎಂದು ಹೇಳಿದ್ದರೆ ಆ ಹಾಳೆಗಳು ಬೆಂಕಿಗೆ ಹೋಗುತ್ತಿದ್ದವೋ ಏನೋ. ‘ಚೆನ್ನಾಗಿದೆ, ಆದರೆ ಈ ಪುಸ್ತಕದ್ದಲ್ಲ’ ಎಂಬ ಮಾತು ಅವನ್ನು ಉಳಿಸಿತು. ಕುತೂಹಲವಿದ್ದವರು ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬಹುದು. ವುಲ್ಫ್ ಹುಟ್ಟಿದ ನೂರನೆಯ ವರ್ಷವಾದ 2000ದಲ್ಲಿ ‘ಓ ಲಾಸ್ಟ್’ ಮೂಲರೂಪದಲ್ಲೇ ಅಚ್ಚಾಗಿದೆ.

ಎರಡನೆಯ ಕಾದಂಬರಿಯ ಕೆಲಸ ನಡೆದದ್ದು ಹೆಚ್ಚಾಗಿ ರಾತ್ರಿಯಲ್ಲಿ, ತಿಂಗಳುಗಟ್ಟಲೆ. ಅಲ್ಲೊಂದು ಕಡೆ ಪರ್ಕಿನ್ಸ್ ಸೋತ. ಗ್ಯಾಂಟ್‌ನ ಕೊನೆಯ ದಿನಗಳನ್ನು ಬರೆಯುತ್ತ ವುಲ್ಫ್ ಅವನ ಮಗಳು ಹೆಲನ್‌ಳ ಬದುಕಿನೊಳಕ್ಕೆ ಇಳಿದು ಸಾವಿರಾರು ಪದ ಬರೆದು ತಂದ. ಕತೆ ಯುಜೀನನ ಕಣ್ಣಿನದು, ಅವನಿಲ್ಲದ ಮನೆಯಲ್ಲಿ ಹೆಲನ್‌ಗೆ ಏನನ್ನಿಸಿತು ಎಂಬುದು ಇಲ್ಲಿ ಸಲ್ಲದು ಎಂದು ಪರ್ಕಿನ್ಸ್ ಹಳೆಯ ಕಾರಣವನ್ನೇ ಮುಂದಿಟ್ಟ. ವುಲ್ಫ್ ಹೌದೆಂದು ತಲೆಯಾಡಿಸಿದ. ಮರುರಾತ್ರಿ ಅದರದೇ ಮುಂದುವರಿಕೆ ತಂದ. ಓದುತ್ತ ಹೋದಂತೆ, ನಿಯಮ ಸರಿಯಿದ್ದರೂ ಬರವಣಿಗೆ ಅದಕ್ಕಿಂತ ದೊಡ್ಡದು ಎಂಬುದು ಪರ್ಕಿನ್ಸ್‌ಗೆ ಮನದಟ್ಟಾಯಿತು. ಭಾಗ ಉಳಿಯಿತು. ಕಾರಣವನ್ನು ಬಾಯಿಬಿಟ್ಟು ಹೇಳುವ ಸಂಪಾದಕ ಈ ಅಪಾಯ ಹೊತ್ತೇ ಹೇಳುತ್ತಾನೆ. ಕಾರಣಕ್ಕೆ ಎದುರುತ್ತರ ಇರಬಹುದು. ಬರೀ ಗೀಟಿಗೆ ಎಲ್ಲಿಯ ಉತ್ತರ?

ಬರೀ ಗೀಟಿನ ಪ್ರಸಿದ್ಧ ಉದಾಹರಣೆಯೂ ಅಮೆರಿಕದ್ದೇ. 1980ರಲ್ಲಿ ರೇಮಂಡ್ ಕಾರ್ವರ್ ತನ್ನ ಕಥಾಸಂಕಲನವನ್ನು ನಾಫ್ ಪ್ರಕಾಶನದ ಸಂಪಾದಕ ಗಾರ್ಡನ್ ಲಿಶ್‌ಗೆ ಕೊಟ್ಟ. ಲಿಶ್ ಒಟ್ಟು ಬರಹದ ಅರ್ಧಕ್ಕೂ ಹೆಚ್ಚನ್ನು ತೆಗೆದ, ಕತೆಗಳ ಹೆಸರು ಬದಲಿಸಿದ, ಕೊನೆಗಳನ್ನು ಬದಲಿಸಿದ. ಒಂದು ಕತೆಯಲ್ಲಿ ಹುಟ್ಟುಹಬ್ಬದ ದಿನ ಕಾರಿಗೆ ಸಿಕ್ಕ ಮಗು, ಅದರ ತಂದೆತಾಯಿ ಮತ್ತು ಕೇಕ್ ಮಾಡಿಟ್ಟು ಕಾಯುವ ಬೇಕರಿಯವನು ಇದ್ದಾರೆ. ಕಾರ್ವರ್ ಬರೆದ ಕೊನೆಯಲ್ಲಿ ಮಗು ಕಳೆದುಕೊಂಡ ದಂಪತಿಗೆ ಬೇಕರಿಯವನು ಬಿಸಿ ಬ್ರೆಡ್ ಕೊಟ್ಟು ಕೂರಿಸಿಕೊಳ್ಳುತ್ತಾನೆ. ಲಿಶ್‌ನ ಪ್ರತಿಯಲ್ಲಿ ಮಗುವಿನ ಗತಿಯೇ ತಿಳಿಯದೆ, ಫೋನ್ ಬರುವಲ್ಲಿಗೆ ಕತೆ ನಿಲ್ಲುತ್ತದೆ. ಮೂಲದ ಮುಕ್ಕಾಲು ಪಾಲಿಗಿಂತ ಹೆಚ್ಚು ಹೋಗಿತ್ತು.

ಕಾರ್ವರ್ ಕುಡಿತ ಬಿಟ್ಟು ಮೂರು ವರ್ಷವಾಗಿತ್ತಷ್ಟೆ. ಜುಲೈ 8ರ ಬೆಳಗ್ಗೆ, ರಾತ್ರಿಯೆಲ್ಲ ನಿದ್ದೆಗೆಟ್ಟು, ಪುಸ್ತಕ ನಿಲ್ಲಿಸಿ ಎಂದು ಲಿಶ್‌ಗೆ ಬೇಡಿಕೊಂಡು ಪತ್ರ ಬರೆದ. ಈ ರೂಪದಲ್ಲಿ ಹೊರಬಂದರೆ ತನ್ನ ಆರೋಗ್ಯವೇ ಉಳಿಯದು ಎಂಬಂಥ ಪತ್ರ ಅದು. ಎರಡೇ ದಿನದಲ್ಲಿ ಮಣಿದ, ಸಣ್ಣಪುಟ್ಟ ತಿದ್ದುಪಡಿ ಮಾತ್ರ ಕೇಳಿದ. 1981ರಲ್ಲಿ ಬಂದ ಪುಸ್ತಕ ಅವನನ್ನು ಪ್ರಸಿದ್ಧನನ್ನಾಗಿಸಿತು, ಆ ಬಿಗುವಾದ ಶೈಲಿ ಒಂದು ಪಂಥಕ್ಕೇ ಮಾದರಿಯಾಯಿತು. ಹಾಗಾಗಿ ಲಿಶ್‌ನ ಕತ್ತರಿ ಕೆಟ್ಟದಾಗಿತ್ತು ಎನ್ನುವುದು ಸುಲಭವಲ್ಲ. ಕಾರ್ವರ್ ಮಾತ್ರ ಬೇಕರಿಯ ಕತೆಯನ್ನು ತನ್ನ ಕೊನೆಯೊಂದಿಗೇ 1983ರ ಸಂಕಲನದಲ್ಲಿ ಮತ್ತೆ ಪ್ರಕಟಿಸಿದ, ಲಿಶ್‌ನ ಕೈಯಿಂದ ದೂರವೂ ಆದ. ಒಳ್ಳೆಯ ಪುಸ್ತಕ ಬಂತು, ಲೇಖಕನಿಗೆ ಅದು ತನ್ನದೆನಿಸಲಿಲ್ಲ. ಅವನ ಮೂಲಪ್ರತಿ ‘ಬಿಗಿನರ್ಸ್’ ಎಂಬ ಹೆಸರಿನಲ್ಲಿ 2009ರಲ್ಲಿ, ಅವನು ತೀರಿಕೊಂಡು ಎರಡು ದಶಕ ಕಳೆದ ಮೇಲೆ, ಬೆಳಕು ಕಂಡಿತು.

ಸಾವಿರ ಪುಟದ ಕಾದಂಬರಿ ಎಲ್ಲರ ಮೇಜಿಗೂ ಬರುವುದಿಲ್ಲ. ಕನ್ನಡದ ಪತ್ರಿಕೆಯೊಂದರ ಸಂಪಾದಕರಿಗೆ ಬರುವುದು ನಾಲ್ಕು ಪುಟದ ಜಾಗಕ್ಕೆ ಏಳು ಪುಟದ ಲೇಖನ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಕೋಲಾರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮೂರಿನ ಕೆರೆಯ ನೀರುಗಂಟಿಯ ಬಗ್ಗೆ ಬರೆದಿದ್ದಾರೆ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ಕೆಲಸಗಾರ ಅವನು. 2,400 ಪದ ಇದೆ, ಜಾಗ ಇರುವುದು 1,500ಕ್ಕೆ. ಲೇಖನದ ಮೊದಲ ಮೂರು ಪ್ಯಾರಾ ಕೆರೆಯಂಗಳದ ಜಾತ್ರೆ: ಬತ್ತಾಸು, ಬಳೆ ಅಂಗಡಿ, ತೇರು. ನೀರುಗಂಟಿ ಕಾಣಿಸಿಕೊಳ್ಳುವುದು ನಾಲ್ಕನೆಯದರಲ್ಲಿ.

‘ಪೀಠಿಕೆ ದೀರ್ಘ, ತೆಗೆದಿದೆ’ ಎಂದು ಅಂಚಿನಲ್ಲಿ ಬರೆದರೆ ಮೇಷ್ಟ್ರಿಗೆ ತಿಳಿಯುವುದು ತಮ್ಮ ಬಾಲ್ಯ ಇವರಿಗೆ ಬೇಡವಾಯಿತು ಎಂದಷ್ಟೆ. ಅದೇ ಟಿಪ್ಪಣಿ ಹೀಗಿದ್ದರೆ: ‘ಮೇಷ್ಟ್ರೇ, ಮೊದಲ ಮೂರು ಪ್ಯಾರಾ ಓದಿದವರು ಇದು ಜಾತ್ರೆಯ ಲೇಖನ ಅಂದುಕೊಂಡುಬಿಡುತ್ತಾರೆ. ನೀರುಗಂಟಿ ಬಂದಾಗ ಅವರು ತೇರಿನ ಹಿಂದೆ ಹೋಗಿರುತ್ತಾರೆ. ಬೆಳಗಿನ ಜಾವ ಆತ ತೂಬಿನ ಹತ್ತಿರ ಇಳಿಯುವ ನಿಮ್ಮ ನಾಲ್ಕನೆಯ ಪ್ಯಾರಾದಿಂದ ಶುರುಮಾಡಿ ನೋಡಿದ್ದೇನೆ. ಜಾತ್ರೆಗೂ ಆತನ ಕೆಲಸಕ್ಕೂ ಏನಾದರೂ ನಂಟಿದ್ದರೆ ತಿಳಿಸಿ, ಅದಕ್ಕೆ ಜಾಗ ಮಾಡೋಣ.’ ಈ ಟಿಪ್ಪಣಿ ತೀರ್ಪು ಕೊಡುವುದಿಲ್ಲ. ಆ ಜಾಗದಲ್ಲಿ ಓದುಗನಿಗೆ ಏನಾಗುತ್ತದೆ ಎಂದು ಹೇಳುತ್ತದೆ, ಏನು ಮಾಡಲಾಗಿದೆ ಎಂದು ತೋರಿಸುತ್ತದೆ, ಒಂದು ನಿಜವಾದ ಪ್ರಶ್ನೆ ಕೇಳುತ್ತದೆ.

ಆ ಪ್ರಶ್ನೆಗೆ ಮೇಷ್ಟ್ರು ಫೋನಿನಲ್ಲಿ ತುಸು ಮುನಿಸಿನಿಂದಲೇ ಉತ್ತರಿಸುತ್ತಾರೆ ಎನ್ನಿ: ‘ನಂಟಿಲ್ಲದೆ ಏನ್ರೀ? ತೇರಿನ ದಿನ ಮೊದಲ ತೆಂಗಿನಕಾಯಿ ಅವನ ಕೈಲೇ ಒಡೆಸೋರು. ಸುಗ್ಗೀಲಿ ಕಣದಲ್ಲೇ ಅವನ ಪಾಲು ಅಳೆದು ಕೊಟ್ಟಮೇಲೇನೆ ಮಿಕ್ಕವರು ರಾಶಿ ಮುಟ್ಟುತ್ತಿದ್ದದ್ದು.’ ಇದು ಹಸ್ತಪ್ರತಿಯಲ್ಲೇ ಇರಲಿಲ್ಲ! ಮೂರು ಪ್ಯಾರಾದ ಜಾತ್ರೆ ಹೋಗಿ ಎರಡು ವಾಕ್ಯದ ತೆಂಗಿನಕಾಯಿ ಒಳಗೆ ಬಂತು. ಅದು ಕೂತದ್ದು ನೀರುಗಂಟಿಯ ಸಂಭಾವನೆಯನ್ನು ಹೇಳುವಲ್ಲಿ. ಬಿಡಲು ಒಲ್ಲದ ಲೇಖಕರ ಹಟದ ಹಿಂದೆ ಎಷ್ಟೋ ಸಲ ಹೀಗೆ ಬರೆಯದೆ ಉಳಿದ ಸಂಗತಿಯೊಂದು ಇರುತ್ತದೆ. ಅವರಿಗೆ ಅದು ಬರೆದಂತೆಯೇ ಅನಿಸಿರುತ್ತದೆ, ಪುಟದ ಮೇಲೆ ಬಂದಿರುವುದಿಲ್ಲ.

ಎರಡನೆಯ ಕತ್ತರಿ ಇನ್ನೂ ಸೂಕ್ಷ್ಮ. ಸುರಿಯುವ ಮಳೆಯಲ್ಲಿ ನಡುರಾತ್ರಿ ಎದ್ದು, ಲಾಂದ್ರ ಹಿಡಿದು, ಕೋಡಿ ಹರಿಯುತ್ತಿದೆಯೋ ಏರಿ ಕುಸಿಯುತ್ತಿದೆಯೋ ನೋಡಲು ಹೋದ ನೀರುಗಂಟಿಯ ಚಿತ್ರ ಮೇಷ್ಟ್ರು ಸೊಗಸಾಗಿ ಬರೆದಿದ್ದಾರೆ. ಅದರ ಬೆನ್ನಿಗೇ ಅವನು ಊರಿನ ಜೀವನಾಡಿ, ನಿಸ್ವಾರ್ಥ ಸೇವೆಯ ಮೂರ್ತಿ, ಕೆರೆಯ ಕಾವಲು ದೈವ ಎಂಬ ಮೂರು ವಾಕ್ಯ. ‘ಇವನ್ನು ಹೇಳದಿದ್ದರೆ ಈಗಿನ ಹುಡುಗರಿಗೆ ತಿಳಿಯೋದು ಹೇಗೆ?’ ಎನ್ನುವುದು ಅವರ ತಕರಾರು. ಇಲ್ಲಿ ವಾದಕ್ಕಿಂತ ಪರೀಕ್ಷೆ ಮೇಲು. ಲಾಂದ್ರದವರೆಗೆ ಮಾತ್ರ ಮನೆಯ ಯಾರಾದರೂ ಹುಡುಗರಿಗೆ ಓದಿ ಹೇಳಿ, ಅವನು ಎಂಥವನು ಅನ್ನಿಸಿತು ಅಂತ ಕೇಳಿ ನೋಡಿ ಎನ್ನಬಹುದು. ಹುಡುಗರ ಉತ್ತರ ಆ ಮೂರು ವಾಕ್ಯಗಳದೇ ಆಗಿದ್ದರೆ ಅವು ಬೇಡ. ಆಗಿರದಿದ್ದರೆ ತಪ್ಪು ಸಂಪಾದಕರದು.

ಮೂರನೆಯದಕ್ಕೆ ಇಂಥ ಕಾರಣವೇ ಇಲ್ಲ. ಪಕ್ಕದೂರಿನ ಕೆರೆಯ ಬಗ್ಗೆ ಇರುವ ಮುನ್ನೂರು ಪದ ಚೆನ್ನಾಗಿಯೇ ಇದೆ, ವಿಷಯಕ್ಕೂ ಸೇರಿದ್ದು. ಹಿಡಿಸುವುದಿಲ್ಲ, ಅಷ್ಟೆ. ಎಷ್ಟೋ ಸಂಪಾದಕರು ಎಡವುವುದು ಇಲ್ಲೇ. ಜಾಗವಿಲ್ಲ ಎನ್ನಲು ಸಂಕೋಚವಾಗಿ ‘ಓಟಕ್ಕೆ ಅಡ್ಡಿಯಾಗುತ್ತಿತ್ತು’ ಎಂದು ಸಾಹಿತ್ಯದ ಬಣ್ಣ ಬಳಿಯುತ್ತಾರೆ. ಅನುಭವಸ್ಥ ಲೇಖಕರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಆಮೇಲೆ ಮೊದಲೆರಡು ನಿಜವಾದ ಕಾರಣಗಳ ಮೇಲೂ ಅನುಮಾನ ಹುಟ್ಟುತ್ತದೆ. ‘ಇದು ಒಳ್ಳೆಯ ಭಾಗವೇ, ಪುಟದಲ್ಲಿ ಜಾಗವಿಲ್ಲದೆ ತೆಗೆಯಬೇಕಾಯಿತು, ಇದರ ಬದಲು ಬೇರೆ ಏನಾದರೂ ತೆಗೆಯಬಹುದೆಂದು ನಿಮಗನ್ನಿಸಿದರೆ ಅದೂ ಆಗಬಹುದು’ ಎಂದರೆ ಆಯ್ಕೆ ಮೇಷ್ಟ್ರ ಕೈಗೆ ಹೋಗುತ್ತದೆ.

ಹಾಗಂತ ಅಲ್ಪವಿರಾಮಕ್ಕೂ ಕಾಗುಣಿತಕ್ಕೂ ಕಾರಣ ಬರೆಯುತ್ತ ಕೂತರೆ ಕೆಲಸ ಕೆಡುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ನೂರೈವತ್ತು ಬಣ್ಣದ ಗುರುತು ಕಂಡ ಲೇಖಕರಿಗೆ ಮೂರು ದೊಡ್ಡ ಬದಲಾವಣೆ ಯಾವುದು, ಉಳಿದ ಚಿಲ್ಲರೆ ಯಾವುದು ಎಂದು ತಿಳಿಯುವುದೇ ಇಲ್ಲ. ಎಲ್ಲವೂ ಪೆಟ್ಟಿನಂತೆಯೇ ಕಾಣುತ್ತದೆ. ಕಾಗುಣಿತ, ಇಸವಿ, ಪುನರುಕ್ತಿಯನ್ನು ಸುಮ್ಮನೆ ಸರಿಪಡಿಸಿ ಮೇಲೊಂದು ಸಾಲಿನಲ್ಲಿ ಹೇಳಿದರೆ ಸಾಕು. ದೊಡ್ಡದನ್ನು ಆದಷ್ಟು ಮಾತಿನಲ್ಲಿ ಹೇಳಿ ಆಮೇಲೆ ಗುರುತು ಹಾಕಿದ ಪ್ರತಿ ಕಳಿಸುವುದು ಒಳ್ಳೆಯದು. ಪರ್ಕಿನ್ಸ್ ಜನವರಿಯಲ್ಲಿ ಮಾಡಿದ್ದು ಅದೇ ಕ್ರಮ.

ಇಷ್ಟೆಲ್ಲ ಮಾಡಿಯೂ ಪರ್ಕಿನ್ಸ್ ವುಲ್ಫ್‌ನನ್ನು ಉಳಿಸಿಕೊಳ್ಳಲಿಲ್ಲ. 1934ರ ಶರತ್ಕಾಲದಲ್ಲಿ ವುಲ್ಫ್ ಶಿಕಾಗೋದ ಜಾಗತಿಕ ಮೇಳ ನೋಡಲು ಹೋಗಿದ್ದಾಗ, ಇನ್ನು ಬಿಟ್ಟರೆ ಇದು ಮುಗಿಯುವುದಿಲ್ಲ ಎಂದು ಪರ್ಕಿನ್ಸ್ ಎರಡನೆಯ ಕಾದಂಬರಿಯನ್ನು ಅಚ್ಚಿಗೆ ಕಳಿಸಿಬಿಟ್ಟ. ವಿವರಣೆಯಿಲ್ಲದೆ ಅವನು ಇಟ್ಟ ದೊಡ್ಡ ಹೆಜ್ಜೆ ಬಹುಶಃ ಅದೊಂದೇ. ವುಲ್ಫ್ ಪುಸ್ತಕವನ್ನು ಪರ್ಕಿನ್ಸ್‌ಗೇ ಅರ್ಪಿಸಿದ. 1936ರಲ್ಲಿ ಆ ಕಾದಂಬರಿ ಹುಟ್ಟಿದ ಬಗೆಯನ್ನು, ಸಂಪಾದಕನ ಪಾಲು ಎಷ್ಟೆಂಬುದನ್ನು, ತಾನೇ ಒಂದು ಕಿರುಪುಸ್ತಕದಲ್ಲಿ ಮುಕ್ತವಾಗಿ ಬರೆದ. ಅದೇ ಮುಳುವಾಯಿತು. ಬರ್ನಾರ್ಡ್ ಡಿವೋಟೋ ಎಂಬ ವಿಮರ್ಶಕ, ಈ ಲೇಖಕನ ಪುಸ್ತಕಗಳನ್ನು ಜೋಡಿಸುವವರು ಪರ್ಕಿನ್ಸ್ ಮತ್ತು ಸ್ಕ್ರಿಬ್ನರ್ಸ್ ಕಾರ್ಖಾನೆಯವರು ಎಂದು ಹೀಯಾಳಿಸಿದ. ತಾನು ಒಬ್ಬನೇ ಬರೆಯಬಲ್ಲೆ ಎಂದು ತೋರಿಸಲು ವುಲ್ಫ್ ಮುಂದಿನ ವರ್ಷ ಹಾರ್ಪರ್ ಪ್ರಕಾಶನಕ್ಕೆ ಹೋದ. ಪ್ರತಿ ಕತ್ತರಿಯ ಕಾರಣವೂ ಅವನಿಗೆ ಗೊತ್ತಿತ್ತು, ಒಪ್ಪಿಗೆಯೂ ಇತ್ತು. ಆದರೆ ಕಾರಣಗಳು ಗೊತ್ತಿದ್ದದ್ದು ಅವರಿಬ್ಬರಿಗೆ, ಹೊರಗಿನವರಿಗೆ ಕಂಡದ್ದು ಕತ್ತರಿ ಹಿಡಿದ ಕೈ ಮಾತ್ರ.

ವುಲ್ಫ್ 1938ರ ಸೆಪ್ಟೆಂಬರಿನಲ್ಲಿ, 38 ತುಂಬುವ ಮೊದಲೇ, ಮೆದುಳಿನ ಕ್ಷಯದಿಂದ ತೀರಿಕೊಂಡ. ಉಯಿಲಿನಲ್ಲಿ ತನ್ನ ಬರಹಗಳ ಹೊಣೆಯನ್ನು ಪರ್ಕಿನ್ಸ್‌ಗೇ ವಹಿಸಿದ್ದ. ಹಾರ್ಪರ್‌ನ ಸಂಪಾದಕ ಎಡ್ವರ್ಡ್ ಆಸ್‌ವೆಲ್‌ನ ಬಳಿ ರಾಶಿ ರಾಶಿ ಹಸ್ತಪ್ರತಿ ಉಳಿದಿತ್ತು. ಅವನು ಅದನ್ನು ಕತ್ತರಿಸಿ, ಕೂಡಿಸಿ, ಪಾತ್ರಗಳ ಹೆಸರು ಒಂದೇ ಆಗುವಂತೆ ತಿದ್ದಿ, ಕೆಲವೆಡೆ ಜೋಡಿಸುವ ಸಾಲುಗಳನ್ನು ತಾನೇ ಬರೆದು, 1939 ಮತ್ತು 1940ರಲ್ಲಿ ಎರಡು ಕಾದಂಬರಿಗಳನ್ನು ಹೊರತಂದ. ಅವುಗಳಲ್ಲಿ ವುಲ್ಫ್‌ನದೆಷ್ಟು, ಆಸ್‌ವೆಲ್‌ನದೆಷ್ಟು ಎಂದು ವಿದ್ವಾಂಸರು ದಶಕಗಳ ನಂತರವೂ ಜಗಳವಾಡಿದ್ದಾರೆ.